ಯಾರೂ ಟಿಪ್ಪಣಿ ಓದಿಕೊಂಡು ಬರುವುದಿಲ್ಲ: ಘರ್ಷಣೆಯ ಪಾಠವನ್ನು ಫ್ಲಿಪ್ಡ್ ಮಾದರಿಯಲ್ಲಿ ಮಾಡಿದವರು ಇದ್ದೀರಾ?

ಸೀಮೆಸುಣ್ಣ

ಪದವಿ ಮೊದಲ ವರ್ಷದವರಿಗೆ ಭೌತಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ 54 ಮಂದಿ, ಅವಧಿ 55 ನಿಮಿಷ. ಈ ಸಲ ಘರ್ಷಣೆಯ ಪಾಠವನ್ನು ಫ್ಲಿಪ್ಡ್ ಮಾದರಿಯಲ್ಲಿ ಮಾಡಬೇಕೆಂದು ರಜೆಯಲ್ಲಿ ಕುಳಿತು ಒಂಬತ್ತು ಪುಟಗಳ ಟಿಪ್ಪಣಿ ಬರೆದೆ. ಸ್ಥಾಯಿ ಘರ್ಷಣೆ, ಚಲನ ಘರ್ಷಣೆ, ಇಳಿಜಾರು, ಒಂದರ ಮೇಲೊಂದು ಇಟ್ಟ ಬ್ಲಾಕ್‌ಗಳು, ಎಲ್ಲವೂ ಅದರಲ್ಲಿವೆ. ಎರಡು ದಿನ ಮೊದಲೇ ಹಂಚಿದೆ. ಮನೆಯಲ್ಲಿ ಓದಿಕೊಂಡು ಬನ್ನಿ, ತರಗತಿಯಲ್ಲಿ ಬರೀ ಲೆಕ್ಕ ಮಾಡೋಣ ಎಂದು ಹೇಳಿದೆ.

ಮೊದಲ ದಿನ ಓದಿ ಬಂದವರು ಹತ್ತು ಮಂದಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಮೊದಲ ಇಪ್ಪತ್ತು ನಿಮಿಷ ಟಿಪ್ಪಣಿಯನ್ನೇ ಬೋರ್ಡಿನ ಮೇಲೆ ವಿವರಿಸಿದೆ. ಎರಡನೆಯ ದಿನ ಓದಿದವರು ಇನ್ನೂ ಕಡಿಮೆ. ಮೂರನೆಯ ದಿನ ನಾನು ಪೂರ್ತಿ ಪಾಠ ಮಾಡುವ ಸ್ಥಿತಿಗೆ ಬಂದೆ.

ಸಮಾಧಾನದ ಸಂಗತಿ ಒಂದೇ. ಕೊನೆಯಲ್ಲಿ ಕೊಟ್ಟ ಲೆಕ್ಕವನ್ನು ಮುಕ್ಕಾಲು ತರಗತಿ ಸರಿಯಾಗಿ ಮಾಡಿತು. ಲೆಕ್ಕ ಇದು: ನುಣುಪಾದ ನೆಲದ ಮೇಲೆ 3 ಕಿಲೋ ಬ್ಲಾಕ್, ಅದರ ಮೇಲೆ 2 ಕಿಲೋ ಬ್ಲಾಕ್. ಎರಡರ ನಡುವೆ ಸ್ಥಾಯಿ ಘರ್ಷಣಾಂಕ 0.4, ಚಲನ ಘರ್ಷಣಾಂಕ 0.3. ಕೆಳಗಿನ ಬ್ಲಾಕನ್ನು 20 ನ್ಯೂಟನ್ ಬಲದಿಂದ ಎಳೆದರೆ ಮೇಲಿನದರ ಮೇಲೆ ಬೀಳುವ ಘರ್ಷಣೆ ಎಷ್ಟು? g ಅನ್ನು 10 ಎಂದು ಇಟ್ಟುಕೊಳ್ಳಿ. ಉತ್ತರ 8 ನ್ಯೂಟನ್.

ಅವರನ್ನು ಓದಿಸುವುದು ಹೇಗೆ? ಓದದೆ ಬಂದ ದಿನ ಏನು ಮಾಡಬೇಕು?

ನಿರ್ವಾತ

ಓದದವರಿಗೆ ಅಂಕ ಇಲ್ಲ ಎಂದು ಹೇಳಿ. ನಾಳೆಯಿಂದಲೇ ಓದುತ್ತಾರೆ.

ಹಳೆಯ ಡಸ್ಟರ್

27 ವರ್ಷದಿಂದ ಬೋರ್ಡಿನ ಮುಂದೆ ನಿಂತಿದ್ದೇನೆ. ಘರ್ಷಣೆಯಂಥ ಪಾಠವನ್ನು ಓದಿಕೊಳ್ಳಿ ಎಂದು ಬಿಟ್ಟುಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಬಲದ ಬಾಣ ಯಾವ ವಸ್ತುವಿನ ಮೇಲೆ, ಯಾವ ದಿಕ್ಕಿಗೆ ಎಂಬುದನ್ನು ಒಬ್ಬ ಮೇಷ್ಟ್ರು ಎದುರಿಗೆ ನಿಂತು ಬಿಡಿಸಿ ತೋರಿಸುವಾಗ ಆಗುವ ಕಲಿಕೆಯೇ ಬೇರೆ. ಚಿತ್ರ ಒಂದೊಂದೇ ಗೆರೆಯಾಗಿ ಹುಟ್ಟುವುದನ್ನು ಅವರು ನೋಡಬೇಕು. ಅಚ್ಚಾದ ಹಾಳೆಯಲ್ಲಿ ಚಿತ್ರ ಮುಗಿದೇ ಬಂದಿರುತ್ತದೆ.

ತುಲಾಯಂತ್ರ

ಸೀಮೆಸುಣ್ಣ ಸರ್, ಮೊದಲು ಒಂದು ಕಹಿ ಮಾತು. ನೀವು ಸಮಾಧಾನಪಟ್ಟ ಆ ಲೆಕ್ಕವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 20 ನ್ಯೂಟನ್ ಎಂಬ ಸಂಖ್ಯೆಯನ್ನು ನೋಡಿ. ಎರಡೂ ಬ್ಲಾಕ್ ಒಟ್ಟಿಗೆ ಚಲಿಸಿದರೆ ವೇಗೋತ್ಕರ್ಷ 20/5, ಅಂದರೆ 4. ಮೇಲಿನ ಬ್ಲಾಕಿಗೆ ಬೇಕಾದ ಬಲ 2 × 4 = 8 ನ್ಯೂಟನ್. ಸ್ಥಾಯಿ ಘರ್ಷಣೆ ಕೊಡಬಲ್ಲ ಗರಿಷ್ಠ ಬಲವೂ 0.4 × 20 = 8 ನ್ಯೂಟನ್. ಬ್ಲಾಕು ಜಾರುವ ಅಂಚಿನ ಮೇಲೆಯೇ ನೀವು ಲೆಕ್ಕವನ್ನು ನಿಲ್ಲಿಸಿದ್ದೀರಿ. ಏನನ್ನೂ ಯೋಚಿಸದೆ μN ಎಂದು ಗುಣಿಸಿದವನಿಗೂ 8 ಬರುತ್ತದೆ, ಯೋಚಿಸಿದವನಿಗೂ 8 ಬರುತ್ತದೆ. ನಿಮ್ಮ ಮುಕ್ಕಾಲು ತರಗತಿ ಈ ಎರಡರಲ್ಲಿ ಯಾವ ಗುಂಪಿಗೆ ಸೇರಿದ್ದು ಎಂದು ಆ ಉತ್ತರದಿಂದ ತಿಳಿಯುವುದಿಲ್ಲ.

ಅದೇ ಲೆಕ್ಕವನ್ನು 10 ನ್ಯೂಟನ್ ಇಟ್ಟು ಕೊಟ್ಟು ನೋಡಿ. ಆಗ ಬಣ್ಣ ಬಯಲಾಗುತ್ತದೆ.

ಇನ್ನು ಓದಿನ ವಿಚಾರ. ಮೊದಲ ದಿನ ನೀವು ಇಪ್ಪತ್ತು ನಿಮಿಷ ಟಿಪ್ಪಣಿಯನ್ನು ಮತ್ತೆ ವಿವರಿಸಿದಿರಲ್ಲ, ಎರಡನೆಯ ದಿನದ ಫಲ ಅಲ್ಲೇ ನಿರ್ಧಾರವಾಯಿತು. ಓದದೆ ಬಂದರೂ ಸರ್ ಹೇಳಿಕೊಡುತ್ತಾರೆ ಎಂದು ಓದದವನು ತಿಳಿದುಕೊಂಡ. ಓದಿ ಬಂದ ಹತ್ತು ಮಂದಿಗೆ ಓದಿದ್ದೇ ದಂಡವಾಯಿತು. ಅವರು ಮರುದಿನ ಓದಲಿಲ್ಲ ಎಂದರೆ ಆಶ್ಚರ್ಯವಿಲ್ಲ.

1990ರ ದಶಕದಲ್ಲಿ ಗ್ರೆಗರ್ ನೋವಾಕ್ ಮತ್ತು ಸಂಗಡಿಗರು ಭೌತಶಾಸ್ತ್ರದ ತರಗತಿಗಳಿಗಾಗಿಯೇ ರೂಪಿಸಿದ ಒಂದು ಕ್ರಮವಿದೆ. ಓದಿನ ಜೊತೆಗೆ ಕೆಲವೇ ಪ್ರಶ್ನೆಗಳು ಹೋಗುತ್ತವೆ, ತರಗತಿಗೆ ಕೆಲವು ಗಂಟೆ ಮೊದಲು ಉತ್ತರಗಳು ಮೇಷ್ಟ್ರ ಕೈಸೇರುತ್ತವೆ, ಆ ಉತ್ತರಗಳನ್ನು ನೋಡಿಕೊಂಡೇ ಅಂದಿನ ತರಗತಿ ಸಿದ್ಧವಾಗುತ್ತದೆ. ನಾನು ಮೂರೇ ಪ್ರಶ್ನೆ ಕೊಡುತ್ತೇನೆ. ಎರಡು ಭೌತಶಾಸ್ತ್ರದವು, ಮೂರನೆಯದು ಯಾವಾಗಲೂ ಒಂದೇ: ಟಿಪ್ಪಣಿಯ ಯಾವ ಸಾಲಿನ ಹತ್ತಿರ ನೀವು ನಿಂತುಬಿಟ್ಟಿರಿ? ‘ಏನು ಅರ್ಥವಾಗಲಿಲ್ಲ’ ಎಂದು ಕೇಳಿದರೆ ‘ಎಲ್ಲ ಅರ್ಥವಾಯಿತು’ ಎಂದು ಬರೆಯುತ್ತಾರೆ. ಯಾವ ಸಾಲು ಎಂದು ಕೇಳಿದರೆ ಆ ಸಾಲನ್ನು ಹುಡುಕುವುದಕ್ಕಾದರೂ ಹಾಳೆ ತೆರೆಯಬೇಕಾಗುತ್ತದೆ.

ಒಂಬತ್ತು ಪುಟ ಹೆಚ್ಚಾಯಿತು. ಒಂದು ಅವಧಿಗೆ ಮೂರು ಪುಟ ಸಾಕು. ಒಂದರ ಮೇಲೊಂದು ಬ್ಲಾಕ್ ಇಡುವ ಲೆಕ್ಕವನ್ನು ಟಿಪ್ಪಣಿಯಿಂದ ತೆಗೆದುಬಿಡಿ, ಅದು ತರಗತಿಯ ಸೊತ್ತು.

ಧ್ವನಿತರಂಗ

ನಾನೂ ಇದೇ ತೊಂದರೆಯಲ್ಲಿದ್ದೇನೆ. ವೀಡಿಯೊ ರೆಕಾರ್ಡ್ ಮಾಡಿದರೆ ಕೋಣೆಯ ಪ್ರತಿಧ್ವನಿಯಿಂದ ಮಾತೇ ಕೇಳಿಸುವುದಿಲ್ಲ. ಕಾಲರಿಗೆ ಸಿಕ್ಕಿಸುವ ಮೈಕ್ ತೆಗೆದುಕೊಳ್ಳಲೇ, ಮೇಜಿನ ಮೇಲೆ ಇಡುವುದೇ? ಹದಿನೈದು ನಿಮಿಷಕ್ಕಿಂತ ಉದ್ದದ ವೀಡಿಯೊವನ್ನು ಯಾರೂ ಪೂರ್ತಿ ನೋಡುವುದಿಲ್ಲ ಎನ್ನುತ್ತಾರೆ, ನಿಜವೇ?

ನಿರ್ವಾತ

ಇಲ್ಲಿ ಕೇಳಿರುವುದು ಓದುವ ಟಿಪ್ಪಣಿಯ ವಿಷಯ, ವೀಡಿಯೊ ಅಲ್ಲ. ಕಾಲರ್ ಮೈಕ್ ತೆಗೆದುಕೊಳ್ಳಿ. ಪರದೆಗಳಿರುವ ಚಿಕ್ಕ ಕೋಣೆಯಲ್ಲಿ ರೆಕಾರ್ಡ್ ಮಾಡಿ.

ಧ್ವನಿತರಂಗ

ಹೌದೇ, ಕ್ಷಮಿಸಿ. ಫ್ಲಿಪ್ಡ್ ಎಂದರೆ ವೀಡಿಯೊ ಎಂದೇ ತಿಳಿದಿದ್ದೆ.

ತುಲಾಯಂತ್ರ

ಹಾಗೆ ತಿಳಿದವರು ಬಹಳ ಮಂದಿ ಇದ್ದಾರೆ, ಅದಕ್ಕೆ ಕಾರಣವೂ ಇದೆ. 2007ರ ಸುಮಾರಿಗೆ ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ರಸಾಯನಶಾಸ್ತ್ರದ ಇಬ್ಬರು ಮೇಷ್ಟ್ರುಗಳು ಪಾಠಗಳನ್ನು ರೆಕಾರ್ಡ್ ಮಾಡಿ ಕೊಡಲು ತೊಡಗಿದರು, ಈ ಮಾದರಿ ಹೆಸರಾದದ್ದು ಹೆಚ್ಚಾಗಿ ಅವರಿಂದ. ಆದರೆ ಭೌತಶಾಸ್ತ್ರದಲ್ಲಿ ಎರಿಕ್ ಮಜೂರ್ ಹಾರ್ವರ್ಡ್‌ನಲ್ಲಿ 1991ರಲ್ಲಿಯೇ ತರಗತಿಯೊಳಗೆ ಪ್ರಶ್ನೆ, ಚರ್ಚೆ ಎಂಬ ಕ್ರಮ ಆರಂಭಿಸಿದ್ದರು. ಅದಕ್ಕೆ ಮೊದಲೇ ಓದಿ ಬರಬೇಕು, ವೀಡಿಯೊದ ಮಾತೇ ಇರಲಿಲ್ಲ. ಲೆಕ್ಕ ಬಿಡಿಸುವ ವಿಷಯಕ್ಕೆ ಓದುವ ಹಾಳೆಯೇ ವಾಸಿ ಎಂಬುದು ನನ್ನ ಅನುಭವ. ಸಮೀಕರಣದ ಎದುರು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಮಗ್ಗುಲಲ್ಲಿ ಗೀಚಬಹುದು.

ಮೂರನೇ ಬೆಂಚು

ನಾನು ವಿದ್ಯಾರ್ಥಿನಿ, ಎರಡನೆಯ ವರ್ಷ. ನಮಗೂ ಕಳೆದ ವರ್ಷ ಒಂದು ವಿಷಯವನ್ನು ಹೀಗೆ ಮಾಡಿದರು. ಟಿಪ್ಪಣಿ ಓದುವುದಿಲ್ಲ ಎಂದು ನಮ್ಮನ್ನು ಬೈಯುವುದು ಸುಲಭ. ನಾನು ಓದುತ್ತಿದ್ದೆ. ನನ್ನ ಕಷ್ಟ ಬೇರೆ ಇತ್ತು. ಟಿಪ್ಪಣಿಯಲ್ಲಿ ಪ್ರತಿ ಲೆಕ್ಕವೂ ಕೊನೆಯ ಸಾಲಿನವರೆಗೆ ಬಿಡಿಸಿಯೇ ಇರುತ್ತಿತ್ತು. ಓದುವಾಗ ಪ್ರತಿ ಹೆಜ್ಜೆಗೂ ತಲೆಯಾಡಿಸುತ್ತಿದ್ದೆ, ಎಲ್ಲ ಬಂತು ಎನಿಸುತ್ತಿತ್ತು. ತರಗತಿಯಲ್ಲಿ ಖಾಲಿ ಹಾಳೆ ಮುಂದೆ ಬಂದಾಗ ಮೊದಲ ಬಾಣ ಎಲ್ಲಿ ಬರೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಓದುವುದನ್ನೇ ಬಿಟ್ಟೆ. ಓದಿಯೂ ಬಾರದವಳು ಎನಿಸಿಕೊಳ್ಳುವುದಕ್ಕಿಂತ ಓದದವಳು ಎನಿಸಿಕೊಳ್ಳುವುದು ಕಡಿಮೆ ನೋವು.

ಹಳೆಯ ಡಸ್ಟರ್

ಈ ಹುಡುಗಿ ಹೇಳಿದ ಕೊನೆಯ ಮಾತನ್ನು ಎಲ್ಲ ಮೇಷ್ಟ್ರುಗಳೂ ಒಮ್ಮೆ ಓದಬೇಕು.

ತುಲಾಯಂತ್ರ

ಮೂರನೇ ಬೆಂಚು, ನೀನು ಹೇಳಿದ್ದಕ್ಕೆ ಒಂದು ಪರಿಹಾರ ಗೊತ್ತಿದೆ. ಬಿಡಿಸಿದ ಲೆಕ್ಕದ ನಡುವೆ ಒಂದು ಹೆಜ್ಜೆಯನ್ನು ಖಾಲಿ ಬಿಡಬೇಕು. ನನ್ನ ಟಿಪ್ಪಣಿಯಲ್ಲಿ ಇಳಿಜಾರಿನ ಲೆಕ್ಕವಿದೆ. ಮಾತಿನ ವಿವರಣೆ, ಚಿತ್ರದ ಹೊರರೇಖೆ ಇರುತ್ತವೆ. ಬಾಣಗಳು ಇರುವುದಿಲ್ಲ, ಅಲ್ಲಿ ಮೂರು ಬೆರಳಗಲ ಜಾಗ ಬಿಟ್ಟಿರುತ್ತೇನೆ. ಅದರ ಕೆಳಗಿನ ಸಮೀಕರಣವನ್ನು ಮಾತ್ರ ಕೊಟ್ಟಿರುತ್ತೇನೆ. ಸಮೀಕರಣದಿಂದ ಹಿಂದಕ್ಕೆ ಹೋಗಿ ಬಾಣಗಳನ್ನು ಅವರೇ ಬರೆಯಬೇಕು. ತರಗತಿಗೆ ಬಂದಾಗ ಸಾಲುಗಳ ನಡುವೆ ನಡೆದುಕೊಂಡು ಹೋದರೆ ಸಾಕು, ಯಾರ ಹಾಳೆಯಲ್ಲಿ ಆ ಜಾಗ ತುಂಬಿದೆ ಎಂದು ಎರಡು ನಿಮಿಷದಲ್ಲಿ ಕಾಣುತ್ತದೆ.

ಡಸ್ಟರ್ ಸರ್, ಚಿತ್ರ ಹುಟ್ಟುವುದನ್ನು ನೋಡಬೇಕು ಎಂದಿರಲ್ಲ, ಅದು ಅವರ ಕೈಯಲ್ಲೇ ಹುಟ್ಟಲಿ ಎನ್ನುತ್ತೇನೆ.

ಹಳೆಯ ಡಸ್ಟರ್

ತಪ್ಪಾಗಿ ಹುಟ್ಟಿದರೆ? ಒಮ್ಮೆ ಕೈಗೆ ಕೂತ ತಪ್ಪನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ನಿಮಗೂ ಗೊತ್ತು.

ಸೀಮೆಸುಣ್ಣ

ಮೇಡಂ, 20 ನ್ಯೂಟನ್ ವಿಷಯ ಓದಿ ಒಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರು ಪುಟದ ಹೊಸ ಟಿಪ್ಪಣಿ ಬರೆದು, ಮೂರು ಪ್ರಶ್ನೆ ಕೊಟ್ಟು, ಹಿಂದಿನ ರಾತ್ರಿ ಒಂಬತ್ತರೊಳಗೆ ಉತ್ತರ ಕಳಿಸಿ ಎಂದೆ. ಮೊದಲ ಪ್ರಶ್ನೆ: ಮೇಜಿನ ಮೇಲೆ 2 ಕಿಲೋ ಬ್ಲಾಕ್ ಇದೆ, ಸ್ಥಾಯಿ ಘರ್ಷಣಾಂಕ 0.4, ನೀವು 3 ನ್ಯೂಟನ್ ಬಲದಿಂದ ತಳ್ಳಿದಿರಿ, ಅದು ಅಲುಗಲಿಲ್ಲ, ಘರ್ಷಣೆ ಎಷ್ಟು?

54ರಲ್ಲಿ 41 ಮಂದಿ ಕಳಿಸಿದರು. 23 ಮಂದಿ 8 ನ್ಯೂಟನ್ ಎಂದು ಬರೆದಿದ್ದರು. ಅದೇ 8! ಒಬ್ಬನ ಉತ್ತರವನ್ನು ಹಾಗೆಯೇ ಇಲ್ಲಿ ಇಡುತ್ತೇನೆ: “8 ನ್ಯೂಟನ್. ಆದರೆ ನಾನು 3ರಿಂದ ಮುಂದಕ್ಕೆ ತಳ್ಳಿ, ಮೇಜು 8ರಿಂದ ಹಿಂದಕ್ಕೆ ತಳ್ಳಿದರೆ ಬ್ಲಾಕು ನನ್ನ ಕಡೆಗೇ ಬರಬೇಕಲ್ಲವೇ? ಹಾಗೆ ಬರುವುದನ್ನು ನಾನು ನೋಡಿಲ್ಲ. ಸೂತ್ರ ಹಾಗೆ ಹೇಳುತ್ತದೆ.”

ಈ ಹುಡುಗ ಎರಡು ವಾರಗಳಿಂದ ನನ್ನ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ನಾಳೆಯ ತರಗತಿಯನ್ನು ಇಲ್ಲಿಂದಲೇ ಆರಂಭಿಸಲೇ?

ತುಲಾಯಂತ್ರ

ಖಂಡಿತ ಆರಂಭಿಸಿ, ಹೆಸರು ಹೇಳಬೇಡಿ. ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಐದು ನಿಮಿಷ ಸುಮ್ಮನಿರಿ. ಅದರ ತಪ್ಪನ್ನು ನೀವು ಹೇಳಲೇಬೇಡಿ. ಸೂತ್ರದಲ್ಲಿರುವುದು ಸ್ಥಾಯಿ ಘರ್ಷಣೆಯ ಮೇಲ್ಮಿತಿ, ಅದರ ಬೆಲೆಯಲ್ಲ ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ.

ಆಮೇಲೆ ಎರಡು ಬ್ಲಾಕ್‌ಗಳ ಲೆಕ್ಕವನ್ನು 10 ನ್ಯೂಟನ್ ಇಟ್ಟು ಕೊಡಿ. ಒಬ್ಬೊಬ್ಬರೇ ನಾಲ್ಕು ನಿಮಿಷ ಮಾಡಲಿ, ಪಕ್ಕದವರೊಡನೆ ಮಾತಿಲ್ಲ. ಮತ್ತೆ ಕೆಲವರಾದರೂ 8 ಎನ್ನುತ್ತಾರೆ. ತಿದ್ದಲು ಹೋಗಬೇಡಿ. ಆ 8ನ್ನೇ ಹಿಡಿದು ಎರಡೂ ಬ್ಲಾಕ್‌ಗಳ ವೇಗೋತ್ಕರ್ಷ ಕಂಡುಹಿಡಿಯಿರಿ ಎಂದಷ್ಟೇ ಹೇಳಿ. ಮೇಲಿನದಕ್ಕೆ 8/2, ಅಂದರೆ 4. ಕೆಳಗಿನದಕ್ಕೆ (10 − 8)/3, ಅಂದರೆ ಸುಮಾರು 0.67. ಎಳೆಯುತ್ತಿರುವುದು ಕೆಳಗಿನ ಬ್ಲಾಕನ್ನು, ಆದರೆ ಮೇಲಿನದು ಅದಕ್ಕಿಂತ ಆರು ಪಟ್ಟು ವೇಗೋತ್ಕರ್ಷದಿಂದ ಮುಂದಕ್ಕೆ ಓಡುತ್ತಿದೆ! ಈ ಎರಡು ಸಂಖ್ಯೆಗಳು ಅಕ್ಕಪಕ್ಕ ಬಂದ ಕೂಡಲೇ ತರಗತಿಯಲ್ಲಿ ಗದ್ದಲ ಏಳುತ್ತದೆ. ಆ ಗದ್ದಲವೇ ನಿಮಗೆ ಬೇಕಾದದ್ದು.

ಸರಿಯಾದ ದಾರಿ ಆಗ ತಾನಾಗಿ ತೆರೆಯುತ್ತದೆ. ಮೊದಲು ಒಟ್ಟಿಗೆ ಹೋಗುತ್ತವೆ ಎಂದು ಊಹಿಸಿಕೊಳ್ಳಬೇಕು. ವೇಗೋತ್ಕರ್ಷ 2, ಮೇಲಿನದಕ್ಕೆ ಬೇಕಾದ ಘರ್ಷಣೆ 4 ನ್ಯೂಟನ್. 4 ಎಂಬುದು 8ಕ್ಕಿಂತ ಕಡಿಮೆ, ಆದ್ದರಿಂದ ಊಹೆ ನಿಲ್ಲುತ್ತದೆ. ಕೊನೆಗೆ 24 ನ್ಯೂಟನ್ ಕೊಡಿ. ಒಟ್ಟಿಗೆ ಹೋಗಬೇಕಾದರೆ 9.6 ನ್ಯೂಟನ್ ಬೇಕು, ಅಷ್ಟು ಸಿಗುವುದಿಲ್ಲ, ಮೇಲಿನದು ಜಾರುತ್ತದೆ. ಆಗ ಮಾತ್ರ ಚಲನ ಘರ್ಷಣೆ, 6 ನ್ಯೂಟನ್. ಮೇಲಿನದಕ್ಕೆ 3, ಕೆಳಗಿನದಕ್ಕೆ 6.

ಒಂದೇ ಲೆಕ್ಕ, ಮೂರು ಬಲಗಳು. ಒಂದು ಅವಧಿಗೆ ಇಷ್ಟು ಸಾಕು.

ಇಳಿಜಾರು

ಚೆನ್ನಾಗಿದೆ ಮೇಡಂ. ಇದಕ್ಕೆ ಒಂದು ಸಣ್ಣ ಸೇರ್ಪಡೆ. 20 ನ್ಯೂಟನ್‌ವರೆಗೆ ಜಾರುವುದಿಲ್ಲ ಎಂಬುದು ಈ ಜೋಡಿ ಬ್ಲಾಕ್‌ಗಳ ಗುಣ. ಎಳೆಯುವುದು ಮೇಲಿನದನ್ನೋ ಕೆಳಗಿನದನ್ನೋ ಎಂಬುದರಿಂದ ವ್ಯತ್ಯಾಸವಾಗದು, ಏಕೆಂದರೆ ನಡುವಿನ ಘರ್ಷಣೆಯ ಗರಿಷ್ಠ ಬೆಲೆ ಎರಡೂ ಕಡೆ 8 ನ್ಯೂಟನ್ನೇ. ಮೂರನೆಯ ನಿಯಮ. ನಾನು ಇದನ್ನು ಟಿಪ್ಪಣಿಯಲ್ಲೇ ಹೇಳಿಬಿಡುತ್ತೇನೆ, ಸಮಯ ಉಳಿಯುತ್ತದೆ.

ಮೂರನೇ ಬೆಂಚು

ಸರ್, ಗರಿಷ್ಠ ಘರ್ಷಣೆ ಎರಡೂ ಕಡೆ 8 ಎಂಬುದು ಸರಿ. ಆದರೆ 20 ಎಂಬುದು ಬದಲಾಗುತ್ತದೆ ಅಲ್ಲವೇ? ಮೇಲಿನದನ್ನು ಎಳೆದರೆ ಕೆಳಗಿನ 3 ಕಿಲೋ ಬ್ಲಾಕನ್ನು ಮುಂದಕ್ಕೆ ಒಯ್ಯುವುದು ಘರ್ಷಣೆ ಮಾತ್ರ. ಅದಕ್ಕೆ ಸಿಗಬಹುದಾದ ವೇಗೋತ್ಕರ್ಷ ಹೆಚ್ಚೆಂದರೆ 8/3. ಎರಡೂ ಅಷ್ಟರಲ್ಲೇ ಹೋಗಬೇಕಾದರೆ ಒಟ್ಟು ಬಲ 5 × 8/3, ಅಂದರೆ ಸುಮಾರು 13.3 ನ್ಯೂಟನ್. 16 ನ್ಯೂಟನ್ನಿಂದ ಎಳೆದರೆ ಆಗಲೇ ಜಾರುತ್ತದೆ.

ಈಗಷ್ಟೇ ಹಾಳೆಯ ಮೇಲೆ ಎರಡು ಸಲ ಮಾಡಿ ನೋಡಿದೆ.

ಇಳಿಜಾರು

ಹೌದು, ನಿಜ. ಘರ್ಷಣೆ ಯಾವ ಬ್ಲಾಕನ್ನು ಒಯ್ಯಬೇಕು ಎಂಬುದನ್ನು ನಾನು ನೋಡಲೇ ಇಲ್ಲ. ನನ್ನ ಟಿಪ್ಪಣಿಯಲ್ಲಿ ಈ ತಪ್ಪು ಎರಡು ವರ್ಷದಿಂದ ಕುಳಿತಿದೆ. ಇವತ್ತೇ ತಿದ್ದುತ್ತೇನೆ. ಧನ್ಯವಾದ.

ತುಲಾಯಂತ್ರ

ಮೂರನೇ ಬೆಂಚು, ಮೊದಲ ಬಾಣ ಎಲ್ಲಿ ಬರೆಯಬೇಕೆಂದು ತಿಳಿಯುತ್ತಿರಲಿಲ್ಲ ಎಂದೆಯಲ್ಲ, ಈಗ ನೀನು ಬರೆದ ಮೊದಲ ಬಾಣವೇ ಸರಿಯಾದ ಬ್ಲಾಕಿನ ಮೇಲಿದೆ. ಸೀಮೆಸುಣ್ಣ ಸರ್, ಬೇಗ ಮುಗಿಸಿ ಕೂರುವ ಗುಂಪಿಗೆ ಈ ಪ್ರಶ್ನೆಯನ್ನೇ ಕೊಡಿ.

ನಿರ್ವಾತ

ಗುಂಪು ಎಂದರೆ ಎಷ್ಟು ಮಂದಿ? ನಾನು ಆರು ಮಂದಿ ಮಾಡಿದ್ದೆ. ಇಬ್ಬರು ಬರೆದರು, ನಾಲ್ವರು ನೋಡಿದರು.

ತುಲಾಯಂತ್ರ

ಮೂವರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪೆಟ್ರಿಶಿಯಾ ಹೆಲರ್ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವುದನ್ನು ಗಮನಿಸಿ 1992ರಲ್ಲಿ ಬರೆದಾಗ ಅವರಿಗೂ ಮೂವರ ಗುಂಪೇ ಚೆನ್ನಾಗಿ ಕಂಡಿತು. ಒಬ್ಬರು ಕೆಲಸ ನಡೆಸುವವರು, ಒಬ್ಬರು ಬರೆಯುವವರು, ಇನ್ನೊಬ್ಬರ ಕೆಲಸ ಅನುಮಾನ ಪಡುವುದು. ಮೂವರಿಗೂ ಸೇರಿ ಒಂದೇ ಹಾಳೆ, ಒಂದೇ ಪೆನ್ನು. ಹಾಳೆ ಮೂರಾದರೆ ಮೂವರೂ ಬೇರೆ ಬೇರೆಯಾಗಿ ಬರೆಯುತ್ತಾ ಕೂರುತ್ತಾರೆ. ಹಾಳೆ, ಪೆನ್ನಿನ ಮಾತು ನನ್ನ ಅನುಭವದ್ದು.

ಹಳೆಯ ಡಸ್ಟರ್

ಎಲ್ಲವನ್ನೂ ಓದಿದೆ. 10 ನ್ಯೂಟನ್ ಇಟ್ಟು ವಿರೋಧಾಭಾಸ ಹೊರಡಿಸುವುದು ಬಹಳ ಒಳ್ಳೆಯ ಉಪಾಯ, ನಾಳೆಯೇ ನಾನೂ ಮಾಡುತ್ತೇನೆ. ಆದರೆ ಬೋರ್ಡಿನ ಮೇಲೆ, ನನ್ನ ರೀತಿಯಲ್ಲಿ. ಒಂದು ಅವಧಿಯಲ್ಲಿ ಒಂದೇ ಲೆಕ್ಕ ಎಂದರೆ ಪಾಠಪಟ್ಟಿ ಮುಗಿಸುವುದು ಯಾವಾಗ? ಇನ್ನೊಂದು ಮಾತು. ನನ್ನ ಪಾಠ ಕೇಳಿ ಹೋಗುವ ಮಕ್ಕಳು ಅರ್ಥವಾಯಿತು ಎಂದು ಸಂತೋಷದಿಂದ ಹೇಳಿ ಹೋಗುತ್ತಾರೆ. ಅದಕ್ಕೆ ಬೆಲೆ ಇಲ್ಲವೇ?

ತುಲಾಯಂತ್ರ

ಬೆಲೆ ಇದೆ ಸರ್. ಆದರೆ ಅರ್ಥವಾಯಿತು ಎನಿಸುವುದಕ್ಕೂ ಅರ್ಥವಾಗಿರುವುದಕ್ಕೂ ನಡುವಿನ ಅಂತರವನ್ನು ಅಳೆದು ನೋಡಿದವರಿದ್ದಾರೆ. 2019ರಲ್ಲಿ ಹಾರ್ವರ್ಡ್‌ನ ಮೊದಲ ಹಂತದ ಭೌತಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಸೊಗಸಾದ ಉಪನ್ಯಾಸ ಕೇಳಿದವರು ಹೆಚ್ಚು ಕಲಿತೆವು ಎಂದರು. ತಾವೇ ಲೆಕ್ಕದೊಡನೆ ಗುದ್ದಾಡಿದವರು ಕಡಿಮೆ ಕಲಿತೆವು ಎಂದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಗುದ್ದಾಡಿದವರಿಗೆ. ಅದಕ್ಕೇ ನಾನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುತ್ತೇನೆ: ಈ ತರಗತಿಯಿಂದ ಹೊರಗೆ ಹೋಗುವಾಗ ತಲೆ ಸ್ವಲ್ಪ ಗೊಂದಲದಲ್ಲಿರುತ್ತದೆ, ಹೆದರಬೇಡಿ.

ಪಾಠಪಟ್ಟಿಯ ಮಾತು ನಿಜ. ಅದಕ್ಕೆ ನನ್ನ ಹತ್ತಿರವೂ ಪೂರ್ತಿ ಉತ್ತರವಿಲ್ಲ. ಎಲ್ಲ ಅಧ್ಯಾಯಗಳನ್ನೂ ನಾನು ಹೀಗೆ ಮಾಡುವುದಿಲ್ಲ. ಮಾನಗಳು, ಆಯಾಮಗಳ ಅಧ್ಯಾಯಕ್ಕೆ ಇದು ಬೇಕಾಗಿಲ್ಲ. ಘರ್ಷಣೆ, ಮೂರನೆಯ ನಿಯಮ, ವಿದ್ಯುತ್ ಮಂಡಲ, ಹೀಗೆ ಮಕ್ಕಳ ತಲೆಯಲ್ಲಿ ಮೊದಲೇ ಬೇರೆ ನಂಬಿಕೆ ಬೇರೂರಿರುವ ಕಡೆ ಮಾತ್ರ ಸಮಯ ಕೊಡುತ್ತೇನೆ.

ಹಳೆಯ ಡಸ್ಟರ್

ಒಂದು ಅಧ್ಯಾಯ ಮಾಡಿ ನೋಡುತ್ತೇನೆ. ಮಾತು ಕೊಡುತ್ತಿಲ್ಲ.

ಸೀಮೆಸುಣ್ಣ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಆ ಹುಡುಗನ ಉತ್ತರವನ್ನು ಬೋರ್ಡಿನ ಮೇಲೆ ಬರೆದೆ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಗೊತ್ತಾಯಿತು, ಎರಡನೆಯ ನಿಮಿಷಕ್ಕೇ ಬಾಯಿ ತುರಿಸುತ್ತಿತ್ತು. ಕೊನೆಗೆ ಹಿಂದಿನ ಸಾಲಿನ ಒಬ್ಬಳು ಎದ್ದು, “ಮೇಜಿಗೆ 8ರವರೆಗೆ ಶಕ್ತಿ ಇದೆ, ಆದರೆ ಈಗ 3 ಮಾತ್ರ ಕೇಳುತ್ತಿದ್ದೇವೆ” ಎಂದಳು. ಶಕ್ತಿ ಎಂಬ ಪದವನ್ನು ಆಮೇಲೆ ತಿದ್ದಿದೆ, ಆದರೆ ವಿಷಯವನ್ನು ಅವಳು ಹಿಡಿದಿದ್ದಳು.

10 ನ್ಯೂಟನ್ ಲೆಕ್ಕದಲ್ಲಿ 4 ಮತ್ತು 0.67 ಅಕ್ಕಪಕ್ಕ ಬಂದಾಗ ಗದ್ದಲ ಎದ್ದಿತು, ನೀವು ಹೇಳಿದಂತೆಯೇ. 24 ನ್ಯೂಟನ್ನಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಅದನ್ನು ಮನೆಗೆ ಕೊಟ್ಟೆ. ಓದದೆ ಬಂದವರನ್ನು ಕೋಣೆಯ ಒಂದು ಕಡೆ ಕೂರಿಸಿ ಮೊದಲ ಹದಿನೈದು ನಿಮಿಷ ಟಿಪ್ಪಣಿ ಓದಲು ಬಿಟ್ಟೆ, ವಿವರಿಸಲಿಲ್ಲ. ಮೊದಲ ದಿನ ಹಾಗೆ ಕೂತವರು 13, ನಿನ್ನೆ 6.

ಆದರೆ ಹೊಸ ತೊಂದರೆಯೊಂದು ಬಂದಿದೆ. ಉತ್ತರಗಳಿಗೆ ಅಂಕ ಇಟ್ಟಿದ್ದೇನೆ, ಸರಿ ತಪ್ಪು ನೋಡುವುದಿಲ್ಲ, ಪ್ರಯತ್ನಕ್ಕೆ ಮಾತ್ರ. ನಿನ್ನೆ ಮೂರನೆಯ ಪ್ರಶ್ನೆಗೆ ಐದು ಮಂದಿ ಒಂದೇ ಸಾಲಿನ ಹತ್ತಿರ, ಒಂದೇ ಮಾತಿನಲ್ಲಿ, ಒಂದೇ ಕಾಗುಣಿತದ ತಪ್ಪಿನೊಡನೆ ನಿಂತಿದ್ದಾರೆ.

ನಿರ್ವಾತ

ಅಂಕ ಕಿತ್ತುಹಾಕಿ.

ಮೂರನೇ ಬೆಂಚು

ಬೇಡ ಸರ್. ಅಂಕ ತೆಗೆದರೆ ನಕಲು ಮಾಡುವ ಐವರ ಜೊತೆ ನಿಜವಾಗಿ ಬರೆಯುವವರೂ ನಿಲ್ಲಿಸುತ್ತಾರೆ.

ತುಲಾಯಂತ್ರ

ನಾನು ಎರಡೂ ಮಾಡಿ ನೋಡಿದ್ದೇನೆ, ಎರಡರಲ್ಲೂ ಸೋತಿದ್ದೇನೆ. ಈಗ ಮಾಡುವುದು ಇಷ್ಟು: ಬಂದ ಉತ್ತರಗಳಲ್ಲಿ ಎರಡನ್ನು ತರಗತಿಯ ಆರಂಭದಲ್ಲಿ ಹೆಸರಿಲ್ಲದೆ ಓದುತ್ತೇನೆ. ತನ್ನ ಮಾತು ಬೋರ್ಡಿನ ಮೇಲೆ ಬರಬಹುದು ಎಂಬ ಆಸೆಗೆ ಕೆಲವರು ಸ್ವಂತವಾಗಿ ಬರೆಯುತ್ತಾರೆ. ಎಲ್ಲರೂ ಅಲ್ಲ. ಆ ಐದು ಮಂದಿ ಯಾವ ಸಾಲಿನ ಹತ್ತಿರ ನಿಂತಿದ್ದರು ಸರ್?

ಸೀಮೆಸುಣ್ಣ

ಇಳಿಜಾರಿನ ಕೋನ ಹೆಚ್ಚಿಸುತ್ತಾ ಹೋದಾಗ ಬ್ಲಾಕು ಜಾರುವ ಕ್ಷಣದಲ್ಲಿ tan θ = μ ಎಂಬ ಸಾಲು. ದ್ರವ್ಯರಾಶಿ ಎಲ್ಲಿ ಹೋಯಿತು ಎಂದು ಕೇಳಿದ್ದಾರೆ.

ತುಲಾಯಂತ್ರ

ಐದು ಮಂದಿ ನಕಲು ಮಾಡಿದ್ದರೂ ಒಬ್ಬರಾದರೂ ಅದನ್ನು ಮೊದಲು ಕೇಳಿದ್ದಾರಲ್ಲ. ಪ್ರಶ್ನೆ ಒಳ್ಳೆಯದು, ನಾಳೆ ಅದರಿಂದಲೇ ಆರಂಭಿಸಿ. 1 ಕಿಲೋ, 10 ಕಿಲೋ ಎರಡಕ್ಕೂ ಬಾಣಗಳನ್ನು ಅವರೇ ಬರೆಯಲಿ.